ಖಾಲಿ ಮನೆಗೆ ಹಸಿರು ಬಣ್ಣ ಬಳಿದ ಕಥೆ

ನಮ್ಮ ತಂಡದಲ್ಲಿ ಒಬ್ಬಳ ಚಿಕ್ಕಮ್ಮ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದಾಗ ಅವರೇ ಒಂದು ಕೆಲಸ ಕೊಟ್ಟರು. "ಒಂದು ಪುಸ್ತಕ ಈ ಎರಡು ಮಾತ್ರೆ ಜೊತೆಗೆ ಕೊಡಬೇಡ ಅನ್ನುತ್ತೆ, ಇನ್ನೊಂದು ಸ್ವಲ್ಪ ಗಮನಿಸು ಅನ್ನುತ್ತೆ, ಮೂರನೆಯದರಲ್ಲಿ ಆ ಜೋಡಿಯೇ ಇಲ್ಲ. ಕೌಂಟರ್ ಮುಂದೆ ಹತ್ತು ಜನ ನಿಂತಿರುವಾಗ ನಾನು ಮೂರನ್ನೂ ತಿರುವಿ ಹಾಕೋಕಾಗುತ್ತಾ? ಎಲ್ಲ ಸೇರಿಸಿ, ಅಪಾಯ ಹೆಚ್ಚಿರುವುದು ಮೇಲೆ ಬರೋ ಹಾಗೆ ಒಂದೇ ಟೇಬಲ್ ಮಾಡಿಕೊಡಿ" ಅಂದರು. ನಮಗೆ ಬಹಳ ಸುಲಭ ಅನ್ನಿಸಿತು. ಮೂರು ಸಿಎಸ್‌ವಿ ಫೈಲು, ಒಂದು ಮರ್ಜ್, ಒಂದು ಸಾರ್ಟ್. ಒಂದು ಸಂಜೆಯ ಕೆಲಸ.

ಸಂಜೆಯಲ್ಲೇ ಮುಗಿಸಿಯೂ ಬಿಟ್ಟೆವು. ಅವರ ಕಪಾಟಿನಲ್ಲಿ ಹೆಚ್ಚು ಓಡುವ 60 ಔಷಧಗಳ ಪಟ್ಟಿ ತೆಗೆದುಕೊಂಡೆವು. ಅರವತ್ತರಲ್ಲಿ ಎರಡೆರಡನ್ನು ಜೋಡಿಸಿದರೆ 60 × 59 / 2, ಅಂದರೆ 1770 ಜೋಡಿ. ಆಗ ನಮ್ಮ ಕೈಯಲ್ಲಿದ್ದ ಆಕರಗಳು ಎರಡು: ಅಮೆರಿಕದ ಔಷಧ ಲೇಬಲ್‌ಗಳಿಂದ ನಾವು ತೆಗೆದ ಪಟ್ಟಿ, ಮತ್ತು ಅಲ್ಲಿಯದೇ ಒಂದು ಕೈಪಿಡಿ. ಪ್ರತಿ ಜೋಡಿಯ ಎದುರಿಗೆ ಎರಡೂ ಆಕರಗಳ ಅಂಕ ತಂದು ಕೂರಿಸಿ, ಬಣ್ಣ ಹಚ್ಚಿ ತೋರಿಸಿದೆವು. ಚಿಕ್ಕಮ್ಮ ಒಂದೇ ನಿಮಿಷ ನೋಡಿದರು. "ಇದೇನ್ರೋ, ಅಸೆನೊಕುಮರಾಲ್ ಜೊತೆ ಫ್ಲುಕೊನಜೋಲ್ ಹಸಿರು?"

ಆ ಪ್ರಶ್ನೆಯ ತೂಕ ತಿಳಿಯಬೇಕಾದರೆ ಈ ಎರಡು ಮಾತ್ರೆಗಳ ಬಗ್ಗೆ ಸ್ವಲ್ಪ ಹೇಳಬೇಕು. ಅಸೆನೊಕುಮರಾಲ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರು ನಮ್ಮ ದೇಶದಲ್ಲಿ ಇದನ್ನು ಬಹಳವಾಗಿ ಬಳಸುತ್ತಾರೆ. ಇದರ ಪರಿಣಾಮವನ್ನು ಐಎನ್‌ಆರ್ ಎಂಬ ರಕ್ತಪರೀಕ್ಷೆಯಿಂದ ಅಳೆಯುತ್ತಾರೆ. ಸಾಮಾನ್ಯವಾಗಿ ಅದು 2ರಿಂದ 3ರೊಳಗೆ ಇರಬೇಕು, ಕೆಲವು ಕವಾಟಗಳಿಗೆ ಸ್ವಲ್ಪ ಹೆಚ್ಚು. ಕಡಿಮೆಯಾದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಹುದು, ಹೆಚ್ಚಾದರೆ ಒಳಗೊಳಗೇ ರಕ್ತಸ್ರಾವ. ಈ ಔಷಧವನ್ನು ಯಕೃತ್ತಿನಲ್ಲಿ ಮುಖ್ಯವಾಗಿ ಸಿವೈಪಿ2ಸಿ9 ಎಂಬ ಕಿಣ್ವ ಕರಗಿಸುತ್ತದೆ. ಫಂಗಸ್ ಸೋಂಕಿಗೆ ಕೊಡುವ ಫ್ಲುಕೊನಜೋಲ್ ಅದೇ ಕಿಣ್ವದ ಕೈ ಕಟ್ಟಿಹಾಕುತ್ತದೆ. ಹಾಗಾಗಿ ರೋಗಿ ಎಂದಿನ ಡೋಸನ್ನೇ ನುಂಗಿದರೂ ಔಷಧ ದೇಹದಲ್ಲಿ ಉಳಿಯುತ್ತಾ ಹೋಗಿ ಐಎನ್‌ಆರ್ ಏರುತ್ತದೆ. ಫ್ಲುಕೊನಜೋಲಿನ ಅರ್ಧಾಯುಷ್ಯ ಸುಮಾರು 30 ಗಂಟೆ, ಅಂದರೆ ಮಾತ್ರೆ ನಿಲ್ಲಿಸಿದ ಮೇಲೂ ಕೆಲವು ದಿನ ಅದರ ಪ್ರಭಾವ ಇರುತ್ತದೆ. ಇಂಥ ಜೋಡಿಗೆ ನಮ್ಮ ಟೇಬಲ್ ಹಸಿರು ನಿಶಾನೆ ತೋರಿಸಿತ್ತು.

ತಪ್ಪು ಎಲ್ಲಿತ್ತು ಅಂತ ಹುಡುಕಿದರೆ, ಈ ಎರಡು ಸಾಲು.

```python
t = pairs.merge(src, on=["d1", "d2"], how="left")
t = t.fillna(0)
```

ನಿಮ್ಮಲ್ಲಿ ಬಹಳ ಜನ ಇದನ್ನು ಯೋಚಿಸದೇ ಬರೆದಿರುತ್ತೀರಿ, ನಾವೂ ಹಾಗೇ ಬರೆದೆವು. ಅಸೆನೊಕುಮರಾಲ್ ಅಮೆರಿಕದ ಮಾರುಕಟ್ಟೆಯಲ್ಲಿ ಇಲ್ಲ, ಅಲ್ಲಿ ಆ ಜಾಗದಲ್ಲಿ ವಾರ್ಫರಿನ್ ಬಳಸುತ್ತಾರೆ. ಹಾಗಾಗಿ ಅಮೆರಿಕದ ಲೇಬಲ್ಲುಗಳಲ್ಲಿ ಆ ಔಷಧದ ಹೆಸರಿನ ಲೇಬಲ್ಲೇ ಇಲ್ಲ. ಕೈಪಿಡಿಯಲ್ಲೂ ಇರಲಿಲ್ಲ. ಮರ್ಜ್ ಆದಾಗ ಅದರ ಎಲ್ಲ ಜೋಡಿಗಳ ಮುಂದೆ ಖಾಲಿ ಬಂತು. ಖಾಲಿಯನ್ನು ನಾವು 0 ಮಾಡಿದೆವು. ನಮ್ಮ ಅಳತೆಯಲ್ಲಿ 0 ಅಂದರೆ 'ತೊಂದರೆ ಇಲ್ಲ'. 'ಈ ಪುಸ್ತಕಕ್ಕೆ ಈ ಔಷಧವೇ ಗೊತ್ತಿಲ್ಲ' ಅನ್ನುವುದು 'ಈ ಜೋಡಿ ಸುರಕ್ಷಿತ' ಅಂತ ಬದಲಾಗಿ ಹೋಗಿತ್ತು. ಎರರ್ ಬರಲಿಲ್ಲ, ವಾರ್ನಿಂಗ್ ಬರಲಿಲ್ಲ. ಹಸಿರು ಬಣ್ಣ ಮಾತ್ರ ಚೆನ್ನಾಗಿ ಬಂತು.

ಇದನ್ನು ಸರಿಪಡಿಸಲು ನಾವು ಇನ್ನೊಂದು ಚಿಕ್ಕ ಟೇಬಲ್ ಮಾಡಿದೆವು: ಯಾವ ಆಕರ ಯಾವ ಔಷಧಗಳನ್ನು ಒಳಗೊಂಡಿದೆ ಅನ್ನುವುದಷ್ಟೇ. ಈಗ ಒಂದು ಜೋಡಿಯ ಸಾಲು ಸಿಗದಿದ್ದರೆ ಮೊದಲು ಇದನ್ನು ಕೇಳುತ್ತೇವೆ. ಎರಡೂ ಔಷಧಗಳು ಆ ಆಕರದಲ್ಲಿದ್ದು ಜೋಡಿ ಮಾತ್ರ ಇಲ್ಲದಿದ್ದರೆ 'ನೋಡಿದೆವು, ಸಿಗಲಿಲ್ಲ'. ಒಂದೇ ಒಂದು ಔಷಧ ಇಲ್ಲದಿದ್ದರೂ 'ಈ ಆಕರ ಹೇಳಲಾರದು'. ಎಲ್ಲ ಆಕರಗಳೂ ಹೇಳಲಾರದ ಜೋಡಿಗಳು ಹಾಳೆಯ ಮೇಲ್ಭಾಗದಲ್ಲಿ ಬೂದು ಬಣ್ಣದ ಬೇರೆ ಪೆಟ್ಟಿಗೆಗೆ ಹೋಗುತ್ತವೆ. ಅವನ್ನು ಕೆಳಗೆ ತಳ್ಳುವಂತಿಲ್ಲ, ಅವುಗಳ ಅಪಾಯ ಎಷ್ಟು ಅಂತ ನಮಗೆ ಗೊತ್ತೇ ಇಲ್ಲವಲ್ಲ. ವಾರ್ಫರಿನ್ ಸಾಲನ್ನೇ ಅಸೆನೊಕುಮರಾಲಿಗೆ ನಕಲು ಮಾಡೋಣ ಅಂತ ನಮ್ಮಲ್ಲೊಬ್ಬ ಹೇಳಿದ. ಎರಡೂ ಒಂದೇ ಗುಂಪಿನವು, ನಿಜ. ಆದರೂ ದೇಹ ಅವನ್ನು ಕರಗಿಸುವ ರೀತಿಯಲ್ಲಿ ವ್ಯತ್ಯಾಸಗಳಿವೆ. ಹಾಗಾಗಿ ನಕಲು ಮಾಡಿದ ಸಾಲಿಗೆ 'ಊಹೆ' ಅಂತ ಗುರುತು ಹಾಕಲೇಬೇಕು ಅಂತ ಚಿಕ್ಕಮ್ಮ ಕಡ್ಡಾಯ ಮಾಡಿದರು.

ಆಮೇಲೆ ಬ್ರಿಟನ್ನಿನ ಬಿಎನ್‌ಎಫ್ ಸೇರಿಸಿದೆವು. ಅದರಲ್ಲಿ ಅಸೆನೊಕುಮರಾಲ್ ಇದೆ. ಕೈಪಿಡಿಯನ್ನು ಬಿಟ್ಟು, ಆಸ್ಪತ್ರೆ ಚಂದಾ ಕಟ್ಟಿರುವ ಲೆಕ್ಸಿಕಾಂಪ್ ಹಿಡಿದೆವು. ಚಂದಾ ಆಕರವನ್ನು ಸ್ಕ್ರೇಪ್ ಮಾಡುವ ಹಾಗಿಲ್ಲ, ಚಿಕ್ಕಮ್ಮ ತೆರೆದು ಓದಿದ್ದನ್ನು ನಾವು ಅವರ ಬಳಕೆಗಷ್ಟೇ ಟೈಪ್ ಮಾಡಿಕೊಂಡೆವು. ಬೇಸರದ ಕೆಲಸ ನಿಜ, ಆದರೆ ಆ ಬೇಸರದಲ್ಲೇ ಎರಡನೆಯ ದೊಡ್ಡ ವಿಷಯ ಕಣ್ಣಿಗೆ ಬಿತ್ತು. ಮೂರೂ ಆಕರಗಳು 'ತೀವ್ರತೆ' ಅಂತ ಹೇಳುತ್ತಿರುವುದು ಒಂದೇ ವಸ್ತುವನ್ನಲ್ಲ.

ಬಿಎನ್‌ಎಫ್ ತೀವ್ರ, ಮಧ್ಯಮ, ಸೌಮ್ಯ ಅನ್ನುತ್ತದೆ. ಅದು ಹೇಳುವುದು ಪರಿಣಾಮದ ಬಗ್ಗೆ, ಅಂದರೆ ಕೆಟ್ಟದ್ದು ಆಗಿಯೇ ಬಿಟ್ಟರೆ ಎಷ್ಟು ಕೆಟ್ಟದ್ದು ಅಂತ. ಜೊತೆಗೆ ಅದರ ಆಧಾರ ಏನು ಅಂತಲೂ ಹೇಳುತ್ತದೆ: ಅಧ್ಯಯನವೋ, ಅಲ್ಲೊಂದು ಇಲ್ಲೊಂದು ರೋಗಿಯ ವರದಿಯೋ, ಬರೀ ತಾತ್ವಿಕ ಊಹೆಯೋ. ಲೆಕ್ಸಿಕಾಂಪಿನಲ್ಲಿ ಎ, ಬಿ, ಸಿ, ಡಿ, ಎಕ್ಸ್ ಎಂಬ ಅಕ್ಷರಗಳಿವೆ. ಅವು ಹೇಳುವುದು ಕ್ರಮದ ಬಗ್ಗೆ. ಎಕ್ಸ್ ಅಂದರೆ ಜೊತೆಗೆ ಕೊಡಬೇಡಿ, ಡಿ ಅಂದರೆ ಚಿಕಿತ್ಸೆಯಲ್ಲಿ ಬದಲಾವಣೆ ಯೋಚಿಸಿ, ಸಿ ಅಂದರೆ ಗಮನಿಸುತ್ತಿರಿ, ಬಿ ಅಂದರೆ ಏನೂ ಮಾಡಬೇಕಿಲ್ಲ, ಎ ಅಂದರೆ ಗೊತ್ತಿರುವ ಇಂಟರಾಕ್ಷನ್ನೇ ಇಲ್ಲ. ಅಮೆರಿಕದ ಲೇಬಲ್ಲುಗಳಲ್ಲಿ ಅಂಕವೂ ಇಲ್ಲ, ಅಕ್ಷರವೂ ಇಲ್ಲ. ಏಳನೆಯ ವಿಭಾಗದಲ್ಲಿ ಇಂಟರಾಕ್ಷನ್ ಬಗ್ಗೆ ಬರಹ ಇರುತ್ತದೆ, ಕೊಡಲೇಬಾರದ್ದು ನಾಲ್ಕನೆಯ ವಿಭಾಗದಲ್ಲಿ ಇರುತ್ತದೆ, ನಾವೇ ಓದಿ ಅರ್ಥ ಮಾಡಿಕೊಳ್ಳಬೇಕು.

ನಾವು ಮೊದಲು ಇವೆಲ್ಲವನ್ನೂ 0ರಿಂದ 3ರ ಒಂದೇ ಅಳತೆಗೆ ತಂದು, ಸರಾಸರಿ ತೆಗೆದಿದ್ದೆವು. ಇದು ಎಂಥ ತಪ್ಪು ಅಂದರೆ, ಒಬ್ಬನ ಎಸ್ಸೆಸ್ಸೆಲ್ಸಿ ದರ್ಜೆಗೂ ಅವನ ಶೂ ಸೈಜಿಗೂ ಸರಾಸರಿ ತೆಗೆದಂತೆ. ಎರಡೂ ಸಂಖ್ಯೆಗಳೇ, ಕೂಡಿಸಿ ಭಾಗಿಸಬಹುದು, ಆದರೆ ಬಂದ ಉತ್ತರ ಯಾವುದರ ಬಗ್ಗೆಯೂ ಏನೂ ಹೇಳುವುದಿಲ್ಲ. ಒಂದು ಆಕರ 3, ಇನ್ನೊಂದು 0 ಕೊಟ್ಟರೆ ಸರಾಸರಿ 1.5. ಆ 1.5 ಅನ್ನು ಯಾವ ಆಕರವೂ ಹೇಳಿಲ್ಲ. ಸರಿ, ಸರಾಸರಿ ಬಿಟ್ಟು ಗರಿಷ್ಠ ಅಂಕ ತೆಗೆದುಕೊಳ್ಳೋಣ ಅಂತ ಹೊರಟರೆ ಟೇಬಲ್ಲಿನ ಮೇಲಿನ ಭಾಗ ಪೂರ್ತಿ ಕೆಂಪಾಯಿತು. ಎಲ್ಲವೂ ಕೆಂಪಾದರೆ ಫಾರ್ಮಸಿಸ್ಟ್ ಯಾವುದನ್ನೂ ನೋಡುವುದಿಲ್ಲ. ಆಸ್ಪತ್ರೆಗಳ ಸಾಫ್ಟ್‌ವೇರಿನಲ್ಲಿ ಎಚ್ಚರಿಕೆಗಳನ್ನು ಓದದೇ ಮುಚ್ಚುತ್ತಾ ಹೋಗುವ ಅಭ್ಯಾಸ ಬಹಳ ಹಳೆಯ ತಲೆನೋವು.

ಆಕರಗಳ ನಡುವೆ ಇಷ್ಟು ಭಿನ್ನಾಭಿಪ್ರಾಯ ನಮ್ಮ ಟೈಪಿಂಗ್ ತಪ್ಪಿನಿಂದಲೇ ಬಂತೇನೋ ಅಂತ ಮೊದಲು ಅನುಮಾನ ಪಟ್ಟೆವು. ಹಾಗಲ್ಲ. 2004ರಲ್ಲಿ ಅಮೆರಿಕದ ಫಾರ್ಮಸಿಸ್ಟರ ಸಂಘದ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ನಾಲ್ಕು ಆಕರಗಳನ್ನು ಹೋಲಿಸಿತ್ತು. ಯಾವುದಾದರೂ ಒಂದರಲ್ಲಿ 'ಗಂಭೀರ' ಅಂತ ಇದ್ದ 406 ಜೋಡಿಗಳಲ್ಲಿ, ನಾಲ್ಕರಲ್ಲೂ 'ಗಂಭೀರ' ಅಂತಲೇ ಇದ್ದದ್ದು ಬರೀ 9.

ದಾರಿ ತೋರಿಸಿದ್ದು ಚಿಕ್ಕಮ್ಮನ ಒಂದು ಮಾತು. "ನನಗೆ ಕೌಂಟರಿನಲ್ಲಿ ಬೇಕಾದ ಉತ್ತರ ಒಂದೇ. ಈ ಮಾತ್ರೆ ಈಗ ಕೈಗೆ ಕೊಡಬಹುದಾ, ಡಾಕ್ಟರಿಗೆ ಫೋನ್ ಮಾಡಬೇಕಾ?" ಆ ಪ್ರಶ್ನೆಯನ್ನೇ ಮೊದಲ ಕಾಲಂ ಮಾಡಿದೆವು. 3 ಅಂದರೆ ಕೊಡುವ ಹಾಗಿಲ್ಲ. 2 ಅಂದರೆ ವೈದ್ಯರನ್ನು ಕೇಳಿದ ಮೇಲೆಯೇ ಕೊಡುವುದು. 1 ಅಂದರೆ ಕೊಡಬಹುದು, ಆದರೆ ಒಂದು ಮಾತು ಹೇಳಿ ಅಥವಾ ಒಂದು ಪರೀಕ್ಷೆ ಆಗಿದೆಯೇ ನೋಡಿ ಕೊಡಬೇಕು. 0 ಅಂದರೆ ಸುಮ್ಮನೆ ಕೊಡಿ. ಕ್ರಮ ಒಂದೇ ಆದ ಜೋಡಿಗಳಲ್ಲಿ ಹಾನಿ ಹೆಚ್ಚಿರುವುದು ಮೇಲೆ, ಹಾನಿಯೂ ಒಂದೇ ಆದರೆ ಆಧಾರ ಗಟ್ಟಿಯಿರುವುದು ಮೇಲೆ. ಮೂರನ್ನೂ ಕೂಡಿಸುವುದಿಲ್ಲ, ಗುಣಿಸುವುದಿಲ್ಲ, ಒಂದಾದ ಮೇಲೊಂದು ನೋಡುತ್ತೇವೆ ಅಷ್ಟೇ.

```python
rows.sort(key=lambda r: (-r.action, -r.harm, -r.evidence))
```

ಲೆಕ್ಸಿಕಾಂಪ್ ಅಕ್ಷರವನ್ನು ನೇರವಾಗಿ ಈ ಅಂಕಕ್ಕೆ ತಿರುಗಿಸಬಹುದು ಅಂದುಕೊಂಡಿದ್ದೆವು, ಅದೂ ಪೂರ್ತಿ ಆಗಲಿಲ್ಲ. 'ಚಿಕಿತ್ಸೆಯಲ್ಲಿ ಬದಲಾವಣೆ' ಅಂದರೆ ಡೋಸ್ ತಗ್ಗಿಸುವುದೂ ಆಗಬಹುದು, ಎರಡು ಮಾತ್ರೆಗಳ ನಡುವೆ ಕೆಲವು ಗಂಟೆ ಬಿಡುವುದೂ ಆಗಬಹುದು. ಮೊದಲನೆಯದಕ್ಕೆ ವೈದ್ಯರು ಬೇಕು. ಎರಡನೆಯದನ್ನು ಫಾರ್ಮಸಿಸ್ಟ್ ತಾವೇ ಹೇಳಿ ಮುಗಿಸಬಹುದು. ಹಾಗಾಗಿ ಅಕ್ಷರದ ಪಕ್ಕದ ವಿವರಣೆ ಓದಿ ನಾವು ಅಂಕ ಬರೆದೆವು, ಪ್ರತಿ ಸಾಲನ್ನೂ ಚಿಕ್ಕಮ್ಮ ನೋಡಿ ಸಹಿ ಹಾಕಿದರು. ಆಕರಗಳು ಬೇರೆ ಬೇರೆ ಹೇಳಿದಾಗ ಹೆಚ್ಚಿನ ಅಂಕ ಇಟ್ಟುಕೊಂಡು 'ಭಿನ್ನಮತ' ಅಂತ ಗುರುತು ಹಾಕುತ್ತೇವೆ, ಮೂರೂ ಆಕರಗಳ ಮೂಲ ಮಾತು ಹಾಗೇ ಪಕ್ಕದಲ್ಲಿ ಇರುತ್ತದೆ. ಹೆಚ್ಚಿನ ಅಂಕ ಕೊಟ್ಟದ್ದು ಒಂದೇ ಆಕರ, ಅದರ ಆಧಾರವೂ ಬರೀ ಊಹೆ ಅಂತಾದರೆ ಇಳಿಸುವ ಹಕ್ಕು ಚಿಕ್ಕಮ್ಮನದು, ಕೋಡಿನದಲ್ಲ.

ಒಂದು ಚೀಟಿ ಇಟ್ಟುಕೊಂಡು ನೋಡೋಣ. ಇದು ಪರೀಕ್ಷೆಗೆಂದು ನಾವೇ ಕಟ್ಟಿದ್ದು. ಹೃದಯದ ಕವಾಟ ಹಾಕಿಸಿಕೊಂಡ ಹಿರಿಯರೊಬ್ಬರು ಅಸೆನೊಕುಮರಾಲ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್, ಥೈರಾಯ್ಡಿಗೆ ಲೆವೊಥೈರಾಕ್ಸಿನ್, ಮೂಳೆಗೆ ಕ್ಯಾಲ್ಸಿಯಂ ಕಾರ್ಬೊನೇಟ್ ತೆಗೆದುಕೊಳ್ಳುತ್ತಿದ್ದಾರೆ. ಇವತ್ತು ಹೊಸದಾಗಿ ಎರಡು ವಾರದ ಫ್ಲುಕೊನಜೋಲ್ ಬಂದಿದೆ. ಆರು ಔಷಧ, 15 ಜೋಡಿ. ಅದರಲ್ಲಿ ಚಿಕ್ಕಮ್ಮ ಏನಾದರೂ ಮಾಡಬೇಕಾದದ್ದು ನಾಲ್ಕು.

ಮೊದಲ ಸಾಲು ಅಸೆನೊಕುಮರಾಲ್–ಫ್ಲುಕೊನಜೋಲ್. ಕ್ರಮ 2, ಹಾನಿ 3. ವೈದ್ಯರಿಗೆ ಫೋನ್ ಮಾಡಬೇಕು. ಅವರು ಡೋಸ್ ತಗ್ಗಿಸಬಹುದು, ಬೇರೆ ಔಷಧ ಕೊಡಬಹುದು, ಐಎನ್‌ಆರ್ ಬೇಗ ಬೇಗ ನೋಡಲು ಹೇಳಬಹುದು. ಎರಡನೆಯ ಸಾಲು ರಾಮಿಪ್ರಿಲ್–ಸ್ಪೈರೊನೊಲ್ಯಾಕ್ಟೋನ್. ಇವೆರಡೂ ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿಸುತ್ತವೆ, ಮಿತಿ ಮೀರಿದರೆ ಹೃದಯದ ಲಯವೇ ತಪ್ಪುತ್ತದೆ. ಹಾನಿ 3. ಆದರೆ ಹೃದಯ ದುರ್ಬಲವಾದವರಿಗೆ ವೈದ್ಯರು ಈ ಜೋಡಿಯನ್ನು ಬೇಕಂತಲೇ ಕೊಡುತ್ತಾರೆ, ಅದರಿಂದ ಆಯುಷ್ಯಕ್ಕೆ ಲಾಭವಿದೆ. ಆದ್ದರಿಂದ ಕ್ರಮ 1: ಪೊಟ್ಯಾಸಿಯಂ ಮತ್ತು ಕಿಡ್ನಿ ಪರೀಕ್ಷೆ ಇತ್ತೀಚೆಗೆ ಆಗಿದೆಯೇ ಕೇಳಿ, ಕೊಡಿ. ಗರಿಷ್ಠ ಅಂಕದ ನಮ್ಮ ಹಳೆಯ ಟೇಬಲ್ಲಿನಲ್ಲಿ ಈ ಎರಡು ಸಾಲುಗಳೂ ಒಂದೇ ಕೆಂಪು. ಮೊದಲನೆಯದಕ್ಕೆ ಫೋನ್ ಎತ್ತಬೇಕಾದವರು, ಎರಡನೆಯದಕ್ಕೂ ಫೋನ್ ಎತ್ತಿ ಎತ್ತಿ ವೈದ್ಯರಿಂದ ಬೈಸಿಕೊಂಡು, ಮೂರನೇ ದಿನಕ್ಕೆ ಎರಡಕ್ಕೂ ಎತ್ತದೇ ಬಿಡುತ್ತಿದ್ದರು.

ಮೂರನೆಯದು ಅಸೆನೊಕುಮರಾಲ್–ಲೆವೊಥೈರಾಕ್ಸಿನ್. ಥೈರಾಯ್ಡ್ ಡೋಸ್ ಬದಲಾದಾಗ ಮಾತ್ರ ಐಎನ್‌ಆರ್ ಕಡೆ ಗಮನ ಬೇಕು, ವರ್ಷಗಳಿಂದ ಒಂದೇ ಡೋಸ್ ಇದ್ದರೆ ಚಿಂತೆಯಿಲ್ಲ. ನಾಲ್ಕನೆಯದು ಲೆವೊಥೈರಾಕ್ಸಿನ್–ಕ್ಯಾಲ್ಸಿಯಂ. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೆಯನ್ನು ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಎರಡರ ನಡುವೆ 4 ಗಂಟೆ ಬಿಡಿ ಅಂತ ಹೇಳಿ, ಕವರಿನ ಮೇಲೆ ಬರೆದುಕೊಟ್ಟರೆ ಮುಗಿಯಿತು.

ಹೆಸರುಗಳ ಕಾಟ ಬೇರೆ. ಅಮೆರಿಕದಲ್ಲಿ ಅಸೆಟಮಿನೊಫೆನ್, ನಮ್ಮಲ್ಲಿ ಪ್ಯಾರಾಸಿಟಮಾಲ್. ಅಲ್ಲಿ ಗ್ಲೈಬುರೈಡ್, ಇಲ್ಲಿ ಗ್ಲಿಬೆನ್‌ಕ್ಲಮೈಡ್. ಇದಕ್ಕೆ ಒಂದು ಪರ್ಯಾಯ ಹೆಸರುಗಳ ಪಟ್ಟಿ ಸಾಕು. ಎಟಿಸಿ ಸಂಕೇತವನ್ನೇ ಕೀ ಮಾಡೋಣ ಅಂತ ಹೋದವರು ನಾವು ಆಸ್ಪಿರಿನ್ ಹತ್ತಿರ ಎಡವಿದೆವು. ರಕ್ತ ತೆಳುವಾಗಿಡಲು ಕೊಡುವ ಆಸ್ಪಿರಿನ್‌ಗೆ `B01AC06`, ನೋವಿಗೆ ಕೊಡುವ ಅದೇ ಆಸ್ಪಿರಿನ್‌ಗೆ `N02BA01`. ಹಾಗಾಗಿ ಔಷಧದ ಅಂತಾರಾಷ್ಟ್ರೀಯ ಸಾಮಾನ್ಯ ಹೆಸರನ್ನೂ ಅದು ದೇಹ ಸೇರುವ ದಾರಿಯನ್ನೂ ಸೇರಿಸಿ ಕೀ ಮಾಡಿದೆವು. ದಾರಿ ಯಾಕೆ ಬೇಕು ಅಂದರೆ, ಚರ್ಮಕ್ಕೆ ಹಚ್ಚುವುದು, ಬಾಯಿಗೆ ಹಚ್ಚುವುದು, ನುಂಗುವುದು ಒಂದೇ ಅಲ್ಲ. ಬಾಯಿಹುಣ್ಣಿಗೆ ಹಚ್ಚುವ ಮೈಕೊನಜೋಲ್ ಜೆಲ್ 'ಬರೀ ಜೆಲ್ ತಾನೇ' ಅಂತ ಕಂಡರೂ ದೇಹ ಸೇರಿ ಐಎನ್‌ಆರ್ ಏರಿಸಬಲ್ಲದು.

ಇದಕ್ಕಿಂತ ಹೆಚ್ಚು ಕಾಡಿದ್ದು ಗುಂಪಿನ ಹೆಸರಿನಲ್ಲಿ ಬರೆದ ಸಾಲುಗಳು. ಒಂದು ಆಕರದಲ್ಲಿ 'ಸ್ಟ್ಯಾಟಿನ್‌ಗಳು – ಮ್ಯಾಕ್ರೊಲೈಡ್‌ಗಳು' ಅಂತಿದೆ ಅಂದುಕೊಳ್ಳಿ. ಗುಂಪನ್ನು ಬಿಡಿಸಿ ಎಲ್ಲ ಸ್ಟ್ಯಾಟಿನ್‌ಗಳಿಗೂ ಎಲ್ಲ ಮ್ಯಾಕ್ರೊಲೈಡ್‌ಗಳನ್ನೂ ಜೋಡಿಸಿದೆವು. ಸಿಮ್ವಸ್ಟ್ಯಾಟಿನ್–ಕ್ಲಾರಿಥ್ರೊಮೈಸಿನ್‌ಗೆ 3 ಬಂತು, ಅದು ಸರಿ. ಸ್ನಾಯುಗಳೇ ಕರಗಿ ಕಿಡ್ನಿಗೆ ಪೆಟ್ಟು ಬೀಳುವಂಥ ಜೋಡಿ ಅದು. ಆದರೆ ರೊಸುವಸ್ಟ್ಯಾಟಿನ್–ಅಜಿಥ್ರೊಮೈಸಿನ್‌ಗೂ 3 ಬಂತು. ರೊಸುವಸ್ಟ್ಯಾಟಿನ್ ಆ ಕಿಣ್ವದ ಮೂಲಕ ಹೆಚ್ಚು ಕರಗುವುದೇ ಇಲ್ಲ, ಅಜಿಥ್ರೊಮೈಸಿನ್ ಅದನ್ನು ಹೆಚ್ಚು ತಡೆಯುವುದೂ ಇಲ್ಲ. ಕೆಮ್ಮು, ಗಂಟಲುನೋವು ಅಂತ ಅಜಿಥ್ರೊಮೈಸಿನ್ ಎಷ್ಟು ಓಡುತ್ತದೆ ಅಂತ ನಿಮಗೇ ಗೊತ್ತು, ದಿನಕ್ಕೆಷ್ಟು ಸಲ ಸುಳ್ಳು ಗಂಟೆ ಬಾರಿಸುತ್ತಿತ್ತೋ. ಈಗ ನಿರ್ದಿಷ್ಟ ಜೋಡಿಯ ಸಾಲು ಇದ್ದರೆ ಗುಂಪಿನ ಸಾಲು ಹಿಂದೆ ಸರಿಯುತ್ತದೆ. ಗುಂಪಿನಿಂದ ಮಾತ್ರ ಬಂದ ಸಾಲಿಗೆ 'ಗುಂಪು' ಅಂತ ಗುರುತು ಇರುತ್ತದೆ, ಯಾರಾದರೂ ನೋಡಿ ಒಪ್ಪುವವರೆಗೆ ಅದು 3 ಆಗುವಂತಿಲ್ಲ.

ಟೇಬಲ್ಲಿಗೆ ಕಾಣದ್ದು ಇನ್ನೂ ಇದೆ. ಫ್ಲುಕೊನಜೋಲ್ 150 ಮಿಲಿಗ್ರಾಮಿನ ಒಂದೇ ಮಾತ್ರೆಯೋ ಎರಡು ವಾರದ ಕೋರ್ಸೋ ಅದಕ್ಕೆ ಗೊತ್ತಿಲ್ಲ, ಡೋಸ್ ಮತ್ತು ಅವಧಿಯ ಕಾಲಂ ನಾವು ಇಟ್ಟಿಲ್ಲ. ರೋಗಿಯ ಕಿಡ್ನಿ ಹೇಗಿದೆ ಅಂತ ಗೊತ್ತಿಲ್ಲ. ಆಕರಗಳು ಪರಿಷ್ಕೃತವಾಗುತ್ತಲೇ ಇರುತ್ತವೆ, ಅದಕ್ಕೆ ಪ್ರತಿ ಸಾಲಿನಲ್ಲೂ ಅದನ್ನು ಓದಿದ ದಿನಾಂಕ ಇದೆ, ಆರು ತಿಂಗಳು ದಾಟಿದರೆ ದಿನಾಂಕವೇ ಕೆಂಪಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಮಿತಿ, ಇದು ಜೋಡಿಗಳ ಟೇಬಲ್ ಅನ್ನುವುದು. ಮೊನ್ನೆ ಅದೇ ಪರೀಕ್ಷಾ ಚೀಟಿಗೆ ಚಿಕ್ಕಮ್ಮ ಮಂಡಿನೋವಿನ ಡೈಕ್ಲೋಫೆನಾಕ್ ಸೇರಿಸಿ ನೋಡಿದರು. ಅಸೆನೊಕುಮರಾಲ್ ಜೊತೆಗಿನ ಸಾಲು ರಕ್ತಸ್ರಾವದ ಕಾರಣಕ್ಕೆ ಸರಿಯಾಗಿಯೇ ಮೇಲೆ ಬಂತು. ಆದರೆ ಅವರು ನೋಡುತ್ತಿದ್ದದ್ದು ಅದನ್ನಲ್ಲ. ರಾಮಿಪ್ರಿಲ್, ಮೂತ್ರ ಹೆಚ್ಚಿಸುವ ಸ್ಪೈರೊನೊಲ್ಯಾಕ್ಟೋನ್, ನೋವಿನ ಡೈಕ್ಲೋಫೆನಾಕ್ ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿಗೆ ರಕ್ತ ಹೋಗುವ ದಾರಿಯನ್ನು ಮೂರು ಕಡೆಯಿಂದ ಬಿಗಿದಂತೆ, ಕಿಡ್ನಿ ದಿಢೀರನೆ ಸೋಲಬಹುದು. ನಮ್ಮ ಟೇಬಲ್ ಇದನ್ನು ಬಿಡಿ ಬಿಡಿಯಾಗಿ ಮೂರು ಹಳದಿ ಸಾಲು ಅಂತ ತೋರಿಸಿತು, ಮೂರಕ್ಕೂ ಕ್ರಮ 1. ಅರವತ್ತು ಔಷಧಗಳಲ್ಲಿ ಮೂರು ಮೂರರ ಗುಂಪು 34,220 ಆಗುತ್ತವೆ, ಅವನ್ನೆಲ್ಲ ತುಂಬಿಸಲು ಯಾವ ಆಕರದಲ್ಲೂ ಮಾಹಿತಿ ಇಲ್ಲ ಅಂತ ನಾವು ವಿವರಿಸುತ್ತಿದ್ದೆವು. ಅಷ್ಟರಲ್ಲಿ ಚಿಕ್ಕಮ್ಮ ಪ್ರಿಂಟ್ ತೆಗೆದ ಹಾಳೆಯ ಅಂಚಿನಲ್ಲಿ ಮೂರೂ ಸಾಲುಗಳನ್ನು ಪೆನ್ಸಿಲ್ಲಿನಿಂದ ಒಂದೇ ಬ್ರಾಕೆಟ್ಟಿನಲ್ಲಿ ಸೇರಿಸಿ, 'ಮೂರೂ ಒಟ್ಟಿಗೆ ಬಂದರೆ ಫೋನ್' ಅಂತ ಬರೆದಾಗಿತ್ತು.